ಕೈಯಲ್ಲಿ ದುಡ್ಡಿಲ್ಲ, ವಾರಕ್ಕೆ ಮೂರು ಸಂಜೆ ಇದೆ: ಏನು ಮಾಡಬಹುದು?

ಪ್ರಶ್ನೆ: ಸರ್, ನಾನು ಕೊಪ್ಪಳದಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಬಿಡುವು ಇರುತ್ತದೆ. ಮನೆಯಲ್ಲಿ ದುಡ್ಡು ಕೇಳುವ ಹಾಗಿಲ್ಲ. ಬಂಡವಾಳ ಇಲ್ಲದೆ ಶುರು ಮಾಡುವ ವ್ಯಾಪಾರ ಯಾವುದಾದರೂ ಇದೆಯಾ? ಗೆಳೆಯರು ಯೂಟ್ಯೂಬ್ ಮಾಡು, ಆನ್‌ಲೈನ್‌ನಲ್ಲಿ ಬಟ್ಟೆ ಮಾರು ಅಂತಾರೆ. ಒಬ್ಬರು ಐದು ಸಾವಿರ ಕಟ್ಟಿ ಸೇರಿಕೋ, ಕೆಳಗೆ ಜನ ಸೇರಿಸಿದರೆ ಕಮಿಷನ್ ಬರುತ್ತೆ ಅಂದರು. ಯಾವುದು ಸರಿ?

ಉತ್ತರ: ಕೊನೆಯದನ್ನು ಮೊದಲು ಮುಗಿಸಿಬಿಡೋಣ. ಕೆಲಸ ಕೊಡುವ ಮೊದಲು ನಿಮ್ಮಿಂದಲೇ ದುಡ್ಡು ಕೇಳುವವರ ಕಡೆ ಹೋಗಬೇಡಿ. ಅಲ್ಲಿ ಗಿರಾಕಿ ಬೇರೆ ಯಾರೂ ಅಲ್ಲ, ನೀವೇ. ಯೂಟ್ಯೂಬ್ ಬೇಕಾದರೆ ಮಾಡಿ, ಆದರೆ ಅದರಿಂದ ಈ ಸೆಮಿಸ್ಟರ್‌ನ ಫೀ ಕಟ್ಟುವ ಲೆಕ್ಕ ಹಾಕಬೇಡಿ. ಬಟ್ಟೆ ಮಾರಬಹುದು. ಪಕ್ಕದ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳೇ ಬೇಕಾದಷ್ಟಿವೆ. ಆದರೆ ಹೋಲ್‌ಸೇಲ್‌ನಲ್ಲಿ ಅವರು ಬೇರೆ ಬೇರೆ ಸೈಜ್ ಸೇರಿದ ಸೆಟ್ಟನ್ನೇ ಕೊಡುತ್ತಾರೆ. ಮಧ್ಯದ ಸೈಜ್ ಖರ್ಚಾಗುತ್ತದೆ, ತೀರ ಚಿಕ್ಕದು, ತೀರ ದೊಡ್ಡದು ನಿಮ್ಮ ರೂಮಿನಲ್ಲೇ ಕೂರುತ್ತದೆ. ಅದು ಸಾಲದೆಂದು, ಇವತ್ತು ಜೀನ್ಸ್ ತೊಗೊಂಡ ಗೆಳೆಯ ಮತ್ತೆ ಕೇಳುವುದು ಆರು ತಿಂಗಳ ಮೇಲೆ.

ದುಡ್ಡಿಲ್ಲದವರು ವ್ಯಾಪಾರ ಹುಡುಕುವಾಗ ಎರಡೇ ವಿಷಯ ನೋಡಬೇಕು. ಒಂದು, ಗಿರಾಕಿ ಮೊದಲೇ ದುಡ್ಡು ಕೊಡುತ್ತಾರಾ? ಎರಡು, ಅದೇ ಗಿರಾಕಿ ಮುಂದಿನ ವಾರ ಮತ್ತೆ ಕೊಳ್ಳುತ್ತಾರಾ? ಮೊದಲನೆಯದು ಇದ್ದರೆ ಬಂಡವಾಳ ಬೇಡ. ಎರಡನೆಯದು ಇದ್ದರೆ ಪ್ರತಿ ಸಂಜೆ ಹೊಸ ಜನರನ್ನು ಹುಡುಕಿಕೊಂಡು ತಿರುಗುವುದು ಬೇಡ.

ಎರಡಕ್ಕೂ ಸರಿಹೊಂದುವ ಒಂದು ಕೆಲಸ ಟ್ಯೂಷನ್. ಎಂಟು, ಒಂಬತ್ತನೇ ಕ್ಲಾಸಿನ ಗಣಿತವನ್ನೋ, ಪಿಯುಸಿ ಅಕೌಂಟೆನ್ಸಿಯನ್ನೋ ಧೈರ್ಯವಾಗಿ ಹೇಳಿಕೊಡಬಲ್ಲಿರಾದರೆ ಮುಂದೆ ಓದಬೇಡಿ, ಅದನ್ನೇ ಮಾಡಿ. ಗಂಟೆಯ ಲೆಕ್ಕದಲ್ಲಿ ಅದೇ ಜಾಸ್ತಿ ಕೊಡುತ್ತದೆ. ತೊಂದರೆ ಏನಂದರೆ ಮಕ್ಕಳ ಪರೀಕ್ಷೆಯೂ ನಿಮ್ಮ ಪರೀಕ್ಷೆಯೂ ಒಂದೇ ಹೊತ್ತಿಗೆ ಬಂದರೆ, ನಿಮ್ಮ ಓದು ಹಿಂದೆ ಬೀಳುತ್ತದೆ.

ಇನ್ನೊಂದು ಕೆಲಸ ಕಟಕ ರೊಟ್ಟಿ. ನಗಬೇಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ಊರಿಗೆ, ನಿಮ್ಮ ಮೂರು ಸಂಜೆಗೆ ಇದು ಸರಿಯಾಗಿ ಕೂರುತ್ತದೆ.

ಕೊಪ್ಪಳದಲ್ಲಿ ರೊಟ್ಟಿ ಬಡಿಯಲು ಬರುವವರು ಓಣಿಗೆ ನಾಲ್ಕು ಮಂದಿ ಇದ್ದಾರೆ. ರೊಟ್ಟಿ ಬೇಕು, ಬಡಿಯಲು ಬರುವುದಿಲ್ಲ ಅಥವಾ ಪುರುಸೊತ್ತಿಲ್ಲ ಅನ್ನುವವರೂ ಅಷ್ಟೇ ಇದ್ದಾರೆ. ಬ್ಯಾಂಕಿಗೆ, ಶಾಲೆಗೆ ವರ್ಗವಾಗಿ ಬಂದವರು, ಮೆಡಿಕಲ್ ಕಾಲೇಜಿನ ಹುಡುಗರು, ಗಿಣಿಗೇರಿ ಕಡೆಯ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡಿ ರೂಮಿನಲ್ಲಿ ಅನ್ನ ಸಾರು ಮಾಡಿಕೊಳ್ಳುವವರು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು. ಈ ಎರಡು ಗುಂಪಿಗೆ ಪರಿಚಯ ಇಲ್ಲ. ನಿಮ್ಮ ಕೆಲಸ ಅಷ್ಟೇ: ವಾರಕ್ಕೊಮ್ಮೆ ಆರ್ಡರ್ ಹಿಡಿದು, ದುಡ್ಡು ಮೊದಲೇ ಇಸಿದುಕೊಂಡು, ರೊಟ್ಟಿ ಮಾಡಿಸಿ, ಮನೆಗೆ ಮುಟ್ಟಿಸುವುದು. ನೀವು ಒಲೆ ಹಚ್ಚುವುದಿಲ್ಲ, ಹಿಟ್ಟು ಕೊಳ್ಳುವುದಿಲ್ಲ.

ಮೆತ್ತನೆ ರೊಟ್ಟಿ ಬಿಟ್ಟು ಕಟಕ ರೊಟ್ಟಿ ಯಾಕೆ ಅಂದರೆ, ಮೆತ್ತನೆಯದು ಅವತ್ತೇ ಮುಗಿಯಬೇಕು. ಅದನ್ನು ಮಾರಲು ದಿನಾ ಸಂಜೆ ಬೇಕು, ಅದೂ ಊಟದ ಹೊತ್ತಿಗೆ ಸರಿಯಾಗಿ. ಕಟಕ ರೊಟ್ಟಿ ಬೇಯಿಸಿದ ಮೇಲೆ ಒಲೆಯ ಸುತ್ತ ನಿಲ್ಲಿಸಿ ಒಣಗಿಸಿದ್ದು. ನೀರಿನಂಶ ಹೋಗಿರುವುದರಿಂದ ಒಣ ಜಾಗದಲ್ಲಿ ಎರಡು ವಾರ ಆರಾಮವಾಗಿ ಇರುತ್ತದೆ. ಗುರುವಾರ ಮಾಡಿದ್ದನ್ನು ಶನಿವಾರ ಕೊಟ್ಟರೂ ಯಾರೂ ಮೂಗು ಮುರಿಯುವುದಿಲ್ಲ.

ಮೊದಲು ಗಿರಾಕಿ ಹುಡುಕಬೇಡಿ, ರೊಟ್ಟಿ ಬಡಿಯುವ ಅಕ್ಕನನ್ನು ಹುಡುಕಿ. ಒಬ್ಬರನ್ನಲ್ಲ, ಇಬ್ಬರನ್ನು. ಒಬ್ಬರಿಗೆ ಜ್ವರ ಬಂದ ವಾರ ಹದಿನೈದು ಮನೆಗೆ ಫೋನ್ ಮಾಡಿ ಇಲ್ಲ ಅನ್ನುವುದು ಬಹಳ ಕಷ್ಟದ ಕೆಲಸ. ಭಾಗ್ಯನಗರದ ಕಡೆ ಕೇಳಿ, ಖಾನಾವಳಿಗಳಿಗೆ ರೊಟ್ಟಿ ಕೊಡುವವರು ಯಾರು ಅಂತ ವಿಚಾರಿಸಿ. ಸ್ತ್ರೀಶಕ್ತಿ ಸಂಘದವರಿಗೆ ಗೊತ್ತಿರುತ್ತದೆ.

ಅವರ ಮನೆಗೆ ಹೋದಾಗ ಸುಮ್ನೆ ದರ ಕೇಳಿ ಬರಬೇಡಿ. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿಯಿರಿ. ಅಂಚು ಮತ್ತು ನಡು ಒಂದೇ ದಪ್ಪ ಇದೆಯಾ ನೋಡಿ. ನಡು ದಪ್ಪ ಇದ್ದರೆ ಅಲ್ಲಿ ಹಸಿ ಉಳಿಯುತ್ತದೆ, ಬೂಷ್ಟು ಹಿಡಿಯುವುದೂ ಅಲ್ಲಿಂದಲೇ. ಆಮೇಲೆ ಮುರಿಯಿರಿ. ಟಕ್ ಅಂತ ಮುರಿಯಬೇಕು. ಬಾಗಿ ಆಮೇಲೆ ಮುರಿದರೆ ಇನ್ನೂ ಒಣಗಿಲ್ಲ ಅಂತ ಅರ್ಥ. ಅಂಚು ಪೂರ್ತಿ ಸೀಳಿದ್ದರೆ ಹಿಟ್ಟು ಹಳೆಯದು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಹಿಡಿಯುವ ಗುಣ ಇಲ್ಲ, ಬಿಸಿನೀರು ಹಾಕಿ ನಾದಿದಾಗ ಬರುವ ಜಿಗಿಯೇ ಅದಕ್ಕೆ ಆಧಾರ. ಬೀಸಿ ಬಹಳ ದಿನ ಇಟ್ಟ ಹಿಟ್ಟಿನಲ್ಲಿ ಆ ಜಿಗಿ ಇರುವುದಿಲ್ಲ. ‘ಅಕ್ಕಾ, ಎಷ್ಟು ದಿನಕ್ಕೊಮ್ಮೆ ಗಿರಣಿಗೆ ಹೋಗ್ತೀರಿ’ ಅಂತ ಕೇಳಿದರೆ ಸಾಕು, ಉತ್ತರ ಸಿಗುತ್ತದೆ.

ಇನ್ನು ದರ. ಇಲ್ಲಿ ಹುಡುಗರು ಒಂದು ಜಾಣತನ ಮಾಡಲು ಹೋಗುತ್ತಾರೆ: ಅಕ್ಕನ ಹತ್ತಿರ ಎಷ್ಟು ಆಗುತ್ತೋ ಅಷ್ಟು ಚೌಕಾಸಿ. ಹಾಗೆ ಮಾಡಿದರೆ ಎರಡನೇ ತಿಂಗಳು ರೊಟ್ಟಿ ತೆಳ್ಳಗಾಗುತ್ತದೆ, ಇಲ್ಲವೇ ನಿಮ್ಮ ಆರ್ಡರ್ ಕೊನೆಗೆ ಬೀಳುತ್ತದೆ. ಅವರ ಕಡೆಯ ಲೆಕ್ಕವನ್ನೂ ನೀವೇ ಹಾಕಿ ನೋಡಿ.

ಉದಾಹರಣೆಗೆ 14 ಮನೆ, ಮನೆಗೆ 20 ರೊಟ್ಟಿ, ಒಟ್ಟು 280 ಅಂತ ಇಟ್ಟುಕೊಳ್ಳೋಣ. ಮುಂದಿನ ದರಗಳು ನಾನು ಲೆಕ್ಕಕ್ಕೆ ಹಿಡಿದವು, ನಿಮ್ಮ ಓಣಿಯ ದರ ಕೇಳಿ ಬದಲಿಸಿಕೊಳ್ಳಿ. ಒಂದು ಕಟಕ ರೊಟ್ಟಿಗೆ ಸುಮಾರು 40 ಗ್ರಾಂ ಹಿಟ್ಟು ಅಂದರೆ 280ಕ್ಕೆ 11 ಕಿಲೋ ಚಿಲ್ಲರೆ. ಕಿಲೋಗೆ 50 ರೂಪಾಯಿ ಹಿಡಿದರೆ 560. ಗ್ಯಾಸಿಗೋ ಕಟ್ಟಿಗೆಗೋ 210. ಅಕ್ಕನಿಗೆ ರೊಟ್ಟಿಗೆ ಆರೂವರೆ ರೂಪಾಯಿ ಕೊಟ್ಟರೆ ಒಟ್ಟು 1,820. ಖರ್ಚು ಕಳೆದು ಅವರ ಕೈಯಲ್ಲಿ 1,050 ಉಳಿಯುತ್ತದೆ. ಗಂಟೆಗೆ 40 ರೊಟ್ಟಿ ಬಡಿಯುವವರಾದರೆ ಇದು ಏಳು ಗಂಟೆಯ ಕೆಲಸ, ಅಂದರೆ ಗಂಟೆಗೆ 150. ಈ ದರಕ್ಕೆ ಅವರು ಮುಂದಿನ ವಾರವೂ ಖುಷಿಯಿಂದ ಬಾಗಿಲು ತೆಗೆಯುತ್ತಾರೆ.

ಈಗ ನಿಮ್ಮ ಲೆಕ್ಕ. ನೀವು ಒಂಬತ್ತು ರೂಪಾಯಿಗೆ ಮಾರಿದರೆ 280ಕ್ಕೆ 2,520 ಬರುತ್ತದೆ. ಅಕ್ಕನಿಗೆ 1,820 ಕೊಟ್ಟ ಮೇಲೆ 700. ಇದು ಲಾಭ ಅಲ್ಲ. ಪ್ಯಾಕಿಂಗ್ ಕವರಿಗೆ 56 ತೆಗೆಯಿರಿ. ಗಾಡಿ ಇದ್ದರೆ ಪೆಟ್ರೋಲಿಗೆ 80. ಇನ್ನು ಎಲ್ಲರೂ ಮರೆಯುವ ಖರ್ಚು: ಮುರಿದ ರೊಟ್ಟಿ. ನೂರಕ್ಕೆ ಐದು ಮುರಿಯುತ್ತವೆ ಅಂತ ಹಿಡಿಯಿರಿ, 14 ರೊಟ್ಟಿ, 91 ರೂಪಾಯಿ. ಉಳಿದದ್ದು 473. ಮಂಗಳವಾರ ಒಂದು ಗಂಟೆ, ಗುರುವಾರ ಒಂದು, ಶನಿವಾರ ಮೂರು, ಒಟ್ಟು ಐದು ಗಂಟೆಗೆ ಇದು. ತಿಂಗಳಿಗೆ 1,900ರ ಹತ್ತಿರ ಬರುತ್ತದೆ.

ಕಡಿಮೆ ಅನಿಸಿತಾ? ಹೌದು, ಕಡಿಮೆಯೇ. ತಿಂಗಳಿಗೆ ಹತ್ತು ಸಾವಿರ ಅಂತ ಯಾರಾದರೂ ಹೇಳಿದರೆ ಅವರ ಲೆಕ್ಕದಲ್ಲಿ ಮುರಿದ ರೊಟ್ಟಿ ಇರುವುದಿಲ್ಲ. ಆದರೆ ಇದಕ್ಕೆ ಸೇರಿಸುವ ದಾರಿ ಒಂದಿದೆ. ಅದೇ ಶನಿವಾರ, ಅದೇ ಬಾಗಿಲಿಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಒಯ್ಯಬಹುದು. 100 ಗ್ರಾಂ ಪೊಟ್ಟಣ 32ಕ್ಕೆ ಮಾಡಿಸಿ 45ಕ್ಕೆ ಮಾರಿದರೆ, ಹತ್ತು ಪೊಟ್ಟಣಕ್ಕೆ 130 ರೂಪಾಯಿ ಸಿಕ್ಕಿತು, ಹೆಚ್ಚಿನ ಓಡಾಟ ಇಲ್ಲ. ಒಂದು ಎಚ್ಚರ: ಶೇಂಗಾದಲ್ಲಿ ಎಣ್ಣೆ ಜಾಸ್ತಿ, ಬೇಸಿಗೆಯಲ್ಲಿ ಬೇಗ ಕನರು ವಾಸನೆ ಬರುತ್ತದೆ. ಅದನ್ನೂ ಆರ್ಡರ್ ಬಂದಷ್ಟೇ ಮಾಡಿಸಿ. ನಾಲ್ಕು ಪೊಟ್ಟಣ ಜಾಸ್ತಿ ಇರಲಿ ಅನ್ನುವ ಆಸೆಯಲ್ಲೇ ಬಂಡವಾಳ ಇಲ್ಲದ ವ್ಯಾಪಾರಕ್ಕೆ ಬಂಡವಾಳ ಬೇಕಾಗಿಬಿಡುತ್ತದೆ.

ಗಿರಾಕಿ ಹಿಡಿಯುವುದು ಹೇಗೆ? ಅಕ್ಕನಿಂದ ಹತ್ತು ರೊಟ್ಟಿ ದುಡ್ಡು ಕೊಟ್ಟು ತೊಗೊಳ್ಳಿ. 65 ರೂಪಾಯಿ. ಕೊನೆಯಲ್ಲಿ ಹೇಳುವ ನೋಂದಣಿಯ ಸಣ್ಣ ಶುಲ್ಕ ಬಿಟ್ಟರೆ, ಇಡೀ ಕೆಲಸದಲ್ಲಿ ಮೊದಲೇ ನಿಮ್ಮ ಜೇಬಿನಿಂದ ಹೋಗುವ ದುಡ್ಡು ಇದೊಂದೇ. ಮುರಿದು ಡಬ್ಬಿಗೆ ಹಾಕಿ, ಜೊತೆಗೆ ಮನೆಯ ಚಟ್ನಿಪುಡಿ ಇಟ್ಟುಕೊಂಡು ನಿಮ್ಮ ಲೆಕ್ಚರರ್‌ಗಳ ಸ್ಟಾಫ್ ರೂಮಿಗೆ, ಪರಿಚಯದ ಬ್ಯಾಂಕಿನವರ ಹತ್ತಿರ, ಗೆಳೆಯರ ರೂಮುಗಳಿಗೆ ಹೋಗಿ. ತಿಂದ ಮೇಲೆ ಚೆನ್ನಾಗಿದೆ ಅಂತ ಎಲ್ಲರೂ ಅಂತಾರೆ, ಅದಕ್ಕೆ ಬೆಲೆ ಇಲ್ಲ. ‘ಶನಿವಾರಕ್ಕೆ ಇಪ್ಪತ್ತು ಬರೆದುಕೊಳ್ಳಲಾ? ಈಗ ದುಡ್ಡು ಹಾಕಬೇಕು’ ಅಂತ ಕೇಳಿ. ಯಾರು ಫೋನ್ ತೆಗೆದು ದುಡ್ಡು ಹಾಕುತ್ತಾರೋ ಅವರೇ ಗಿರಾಕಿ. ಗವಿಮಠದ ಹಾಸ್ಟೆಲ್ ಹುಡುಗರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವರಿಗೆ ಅಲ್ಲೇ ಪ್ರಸಾದ ಇದೆ.

ಆಮೇಲೆ ಪ್ರತಿ ಸೋಮವಾರ ರಾತ್ರಿ ವಾಟ್ಸಾಪ್‌ನಲ್ಲಿ ಒಂದೇ ಮೆಸೇಜ್. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬೇಡ. ಹೀಗೆ ಇದ್ದರೆ ಸಾಕು:

‘ನಮಸ್ಕಾರ. ಈ ಶನಿವಾರದ ಬಿಳಿಜೋಳದ ಕಟಕ ರೊಟ್ಟಿ. 20ಕ್ಕೆ 180 ರೂ, 10ಕ್ಕೆ 90 ರೂ. ಮಂಗಳವಾರ ರಾತ್ರಿ 9ರೊಳಗೆ ದುಡ್ಡು ಹಾಕಿದವರಿಗೆ ಮಾತ್ರ. ಶನಿವಾರ ಸಂಜೆ 5ರಿಂದ 8ರೊಳಗೆ ಮನೆಗೆ ತರುತ್ತೇನೆ.’

ಮಂಗಳವಾರ ಒಂಬತ್ತಕ್ಕೆ ಪಟ್ಟಿ ಮುಚ್ಚಿ. ಹತ್ತು ಗಂಟೆಗೆ ಒಬ್ಬರು ನನ್ನದೂ ಸೇರಿಸಪ್ಪಾ ಅಂತ ಫೋನ್ ಮಾಡುತ್ತಾರೆ. ಮುಂದಿನ ವಾರಕ್ಕೆ ಬರೆದುಕೊಳ್ಳುತ್ತೇನೆ ಸರ್ ಅನ್ನಿ. ‘ತಂದುಕೊಡು, ಆಮೇಲೆ ಕೊಡ್ತೀನಿ’ ಅನ್ನುವವರಿಗೂ ಅದೇ ಉತ್ತರ. ಉದ್ರಿ ಕೊಡಲು ಅಂಗಡಿಯವರ ಹತ್ತಿರ ಸ್ವಲ್ಪವಾದರೂ ದುಡ್ಡಿರುತ್ತದೆ, ನಿಮ್ಮ ಹತ್ತಿರ ಅದೂ ಇಲ್ಲ. ಮೂರು ಮನೆಯವರು ಉದ್ರಿ ನಿಲ್ಲಿಸಿಕೊಂಡರೆ 540 ರೂಪಾಯಿ ಹೊರಗೆ ಉಳಿಯಿತು. ಆ ವಾರ ಕೈಗೆ ಬಂದದ್ದು ಅಕ್ಕನಿಗೆ, ಕವರಿಗೆ, ಪೆಟ್ರೋಲಿಗೆ, ಮುರಿದ ರೊಟ್ಟಿಗೆ ಸೇರಿ ಪೂರ್ತಿ ಸಾಲುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ನಿಮ್ಮ ಜೇಬಿನಲ್ಲೇ ಇದೆ. ಮಂಗಳವಾರ ಖಾತೆಗೆ 2,520 ಬಂದು ಕೂತಿರುತ್ತದೆ. ಬುಧವಾರ ಮೊಬೈಲ್ ರೀಚಾರ್ಜ್, ಗುರುವಾರ ಗೆಳೆಯನ ಬರ್ತ್‌ಡೇ. ಶನಿವಾರ ಅಕ್ಕನ ಮುಂದೆ ನಿಂತಾಗ ಮುನ್ನೂರು ಕಡಿಮೆ ಇರುತ್ತದೆ. ಸಣ್ಣ ವ್ಯಾಪಾರದವರ ಲೆಕ್ಕ ಬರೆಯುವುದೇ ನನ್ನ ಕೆಲಸ, ಹಾಗಾಗಿ ಹೇಳುತ್ತೇನೆ: ಇಂಥ ವ್ಯಾಪಾರ ನಷ್ಟದಿಂದ ನಿಲ್ಲುವುದು ಕಡಿಮೆ, ಮುಂಗಡವನ್ನು ತಮ್ಮದೇ ದುಡ್ಡು ಅಂದುಕೊಂಡು ಖರ್ಚು ಮಾಡಿ ನಿಲ್ಲುವುದೇ ಜಾಸ್ತಿ. ಮಿನಿಮಮ್ ಬ್ಯಾಲೆನ್ಸ್ ಬೇಡದ ಇನ್ನೊಂದು ಖಾತೆ ತೆರೆದು ರೊಟ್ಟಿಯ ದುಡ್ಡನ್ನು ಅದಕ್ಕೇ ಹಾಕಿಸಿಕೊಳ್ಳಿ. ಹಿಟ್ಟಿಗೆ ಬೇಕಾದಷ್ಟನ್ನು ಗುರುವಾರ ಅಕ್ಕನಿಗೆ ಕೊಟ್ಟುಬಿಡಿ, ಉಳಿದದ್ದು ಶನಿವಾರ ರೊಟ್ಟಿ ಎತ್ತುವಾಗ. ಕೊನೆಯ ಮನೆಗೆ ಮುಟ್ಟಿಸಿದ ಮೇಲೆ ಉಳಿದದ್ದೇ ನಿಮ್ಮದು.

ಪ್ಯಾಕಿಂಗ್ ಮೇಲೆ ನಿಮ್ಮ ಹೆಸರು ನಿಂತಿದೆ, ಹಾಗಾಗಿ ಅದನ್ನು ನೀವೇ ಮಾಡಿ. ರೊಟ್ಟಿ ಪೂರ್ತಿ ಆರಿರಬೇಕು. ಕೈಗೆ ಬೆಚ್ಚಗಿದ್ದಾಗಲೇ ಕವರಿಗೆ ಹಾಕಿದರೆ ಒಳಗೆ ಬೆವರುತ್ತದೆ. ಮರುದಿನ ಕವರಿನ ಒಳಮೈ ಮಂಜು ಹಿಡಿದ ಹಾಗೆ ಕಾಣುತ್ತದೆ, ರೊಟ್ಟಿ ಬಾಗುತ್ತದೆ, ನಾಲ್ಕೈದು ದಿನಕ್ಕೆ ಬಿಳಿ ಚುಕ್ಕಿ ಬರುತ್ತದೆ. ಅಂಥ ಚುಕ್ಕಿ ಕಂಡ ಕಟ್ಟನ್ನು ಒರೆಸಿ ಕೊಡುವುದೆಲ್ಲ ಬೇಡ, ಪೂರ್ತಿ ಬಿಸಾಡಿ. ಹಳೇ ಪೇಪರಿನಲ್ಲಿ ಸುತ್ತಬೇಡಿ, ಅದರ ಮಸಿ ಆಹಾರಕ್ಕೆ ಹತ್ತುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರವೂ ಬೇಡ ಅಂತ ಹೇಳಿದೆ. ಆಹಾರಕ್ಕೆ ಬಳಸುವ ದಪ್ಪ ಕವರ್ ತೊಗೊಳ್ಳಿ. ಕೆಳಗೆ ಒಂದು ಗುಂಡು ರಟ್ಟು, ಅದರ ಮೇಲೆ ಬಟರ್ ಪೇಪರ್, ಆಮೇಲೆ ಹತ್ತು ಹತ್ತರ ಕಟ್ಟು. ಇಪ್ಪತ್ತನ್ನು ಒಂದೇ ಕಟ್ಟು ಮಾಡಿದರೆ ಗಾಡಿಯ ಕುಲುಕಿಗೆ ಕೆಳಗಿನವು ಮುರಿಯುತ್ತವೆ. ಹ್ಯಾಂಡಲ್‌ಗೆ ಜೋತು ಹಾಕಬೇಡಿ, ಅಗಲ ಬುಟ್ಟಿಯಲ್ಲಿ ಮಲಗಿಸಿ ಒಯ್ಯಿರಿ. ಮುರಿದವನ್ನು ಕಟ್ಟಿನ ನಡುವೆ ಅಡಗಿಸಬೇಡಿ. ಬೇರೆ ಕವರಿಗೆ ಹಾಕಿ ಅರ್ಧ ದರಕ್ಕೆ ಅಂತ ಹೇಳಿ, ರೂಮಿನ ಹುಡುಗರು ಸಾರಿಗೆ ನೆನೆಸಿಕೊಂಡು ತಿನ್ನುತ್ತಾರೆ, ಅವರಿಗೆ ಮುರಿದರೇನು.

ನಾಲ್ಕು ವಾರ ಕಳೆದ ಮೇಲೆ ಪಟ್ಟಿ ತೆಗೆದು ನೋಡಿ. ಮೊದಲ ವಾರ ಕೊಂಡ 14 ಮನೆಯಲ್ಲಿ ಹತ್ತು ಇನ್ನೂ ಇದ್ದರೆ ಮುಂದುವರಿಸಿ. ಅರ್ಧಕ್ಕಿಂತ ಕಡಿಮೆ ಆಗಿದ್ದರೆ ಹೊಸ ಗಿರಾಕಿ ಹುಡುಕುವ ಮೊದಲು ಬಿಟ್ಟವರಿಗೆ ಫೋನ್ ಮಾಡಿ. ರೊಟ್ಟಿ ಮೆತ್ತಗಾಯಿತು ಅಂದರೆ ಪ್ಯಾಕಿಂಗ್ ತಪ್ಪು. ಗಟ್ಟಿ ಆಯಿತು, ಹಲ್ಲಿಗೆ ಕಷ್ಟ ಅಂದರೆ ದಪ್ಪ ಜಾಸ್ತಿ. ಇನ್ನೂ ಇದೆಯಪ್ಪಾ ಮನೆಯಲ್ಲಿ ಅಂದರೆ ರೊಟ್ಟಿ ಚೆನ್ನಾಗಿದೆ, ಅವರಿಗೆ 20 ಜಾಸ್ತಿ ಆಗಿದೆ. ಹತ್ತರ ಕಟ್ಟು ಕೊಡಿ, ಇಲ್ಲವೇ ಎರಡು ವಾರಕ್ಕೊಮ್ಮೆ ಹಾಕಿ.

ಇದರ ಮಿತಿಯೂ ಗೊತ್ತಿರಲಿ. ಮೂರು ಸಂಜೆಯಲ್ಲಿ 25, ಬಹಳ ಅಂದರೆ 30 ಮನೆ. ಅದರಾಚೆ ಹೋದರೆ ಶನಿವಾರದ ಓಟ ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ಕೊನೆಯ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ರೊಟ್ಟಿ ಒಣಗುವುದು ನಿಧಾನ, ಬಾಳಿಕೆಯೂ ಅರ್ಧ. ಆಗ ಒಂದು ವಾರದೊಳಗೆ ತಿನ್ನಿ ಅಂತ ಬಾಯಿಬಿಟ್ಟು ಹೇಳಬೇಕು. ಕಾಲೇಜಿಗೆ ರಜೆ ಬಂದರೆ ರೂಮಿನವರು ಊರಿಗೆ ಹೋಗುತ್ತಾರೆ. ಹಾಗಾಗಿ ಪಟ್ಟಿಯಲ್ಲಿ ಅರ್ಧವಾದರೂ ಇಲ್ಲೇ ಸಂಸಾರ ಮಾಡುವ ಮನೆಗಳಿರಲಿ. ಜನವರಿ ಹೊತ್ತಿಗೆ ಗವಿಸಿದ್ಧೇಶ್ವರ ಜಾತ್ರೆ. ದಾಸೋಹಕ್ಕೆ ಅಂತ ಊರೂರಿನಿಂದ ಬಂಡಿಗಟ್ಟಲೆ ರೊಟ್ಟಿ ಬರುವ ಜಾತ್ರೆ ಅದು, ನಿಮ್ಮ ಅಕ್ಕನೂ ಅವತ್ತು ಮಠಕ್ಕೇ ಬಡಿಯುತ್ತಿರುತ್ತಾರೆ. ಆ ವಾರ ರಜೆ ಅಂತ ಮೊದಲೇ ಮೆಸೇಜ್ ಹಾಕಿಬಿಡಿ. ನಿಮ್ಮ ಪರೀಕ್ಷೆಯ ವಾರಗಳಿಗೂ ಹಾಗೆಯೇ. ಮುಂಗಡ ಇಸಿದುಕೊಳ್ಳದ ವಾರ ನೀವು ಯಾರಿಗೂ ಬಾಕಿ ಇರುವುದಿಲ್ಲ, ಈ ವ್ಯಾಪಾರದ ದೊಡ್ಡ ಅನುಕೂಲ ಅದೇ.

ಸ್ವಲ್ಪ ಹೆಸರು ಬಂದ ಮೇಲೆ ಖಾನಾವಳಿಯವರೊಬ್ಬರು ಕರೆಯುತ್ತಾರೆ: ದಿನಾ 200 ರೊಟ್ಟಿ ಕೊಡು, ದರ ಏಳು, ಲೆಕ್ಕ ತಿಂಗಳಿಗೊಮ್ಮೆ. ಕೇಳಲು ಚೆನ್ನಾಗಿದೆ ಅಲ್ವಾ? ರೊಟ್ಟಿಗೆ ಐವತ್ತು ಪೈಸೆಯಂತೆ ದಿನಕ್ಕೆ ನೂರು ರೂಪಾಯಿ ನಿಮಗೆ. ಆದರೆ ಅಕ್ಕನಿಗೆ ದಿನಾ 1,300 ಕೊಡಬೇಕು. ತಿಂಗಳ ಕೊನೆಗೆ 39,000 ನೀವು ಹಾಕಿರಬೇಕಾಗುತ್ತದೆ. ಅಷ್ಟಿದ್ದರೆ ನೀವು ನನಗೆ ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಬೇಡ ಅನ್ನಿ.

ಕಾಗದಪತ್ರ ಬಹಳ ಇಲ್ಲ. ಇಷ್ಟು ಸಣ್ಣ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ತಿನ್ನುವ ಪದಾರ್ಥ ಮಾಡಿ ಮಾರುವವರು ಎಷ್ಟೇ ಸಣ್ಣವರಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. `foscos.fssai.gov.in` ಜಾಲತಾಣದಲ್ಲಿ ಫೋಟೊ, ಗುರುತಿನ ಚೀಟಿ, ವಿಳಾಸ ಕೊಟ್ಟು ನೀವೇ ಅರ್ಜಿ ಹಾಕಬಹುದು. ಸರ್ಕಾರದ ಶುಲ್ಕ ಬಹಳ ಸಣ್ಣದು, ಮಧ್ಯದವರು ಸಾವಿರಾರು ಕೇಳಿದರೆ ಅದು ಅವರ ಲಾಭ. ರೊಟ್ಟಿ ಮಾಡುವ ಅಕ್ಕನ ಹೆಸರಿನಲ್ಲಿ ನೋಂದಣಿ ಇದೆಯಾ ಮೊದಲು ಕೇಳಿ, ಇಲ್ಲದಿದ್ದರೆ ನಿಮ್ಮದರ ಜೊತೆ ಅವರದನ್ನೂ ಕೂತು ಮಾಡಿಕೊಡಿ. ಆ ನಂಬರ್, ಏನೇನು ಹಾಕಿದೆ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ತೂಕ, ಹಸಿರು ಚುಕ್ಕೆ, ನಿಮ್ಮ ಫೋನ್ ನಂಬರ್. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕವರಿಗೆ ಅಂಟಿಸಿ. ಶುರುವಿಗೆ ಕೈಯಲ್ಲೇ ಬರೆದರೂ ನಡೆಯುತ್ತದೆ, ಓದಲು ಬಂದರೆ ಸಾಕು.